ಅರಬ್ಬಿಯ ‘ನಿರಾಕರಣೆ ನಿರಾಕರಿಸಿತು’ ಇಂಗ್ಲಿಷಿಗೆ ಬರುವಾಗ

ಅರಬ್ಬಿ ಕಂಪನಿ ಪತ್ರ, ಒಪ್ಪಂದಗಳನ್ನು ಇಂಗ್ಲಿಷಿಗೆ ತರುವ ಕಚೇರಿಯಲ್ಲಿ ನನ್ನ ಕೆಲಸ. ಹೊಸಬರ ಕರಡಿನಲ್ಲಿ ನಾನು ಹೆಚ್ಚು ತಿದ್ದುವುದು ಮಫ್ಊಲ್ ಮುತ್ಲಕ್ ಇರುವ ವಾಕ್ಯಗಳನ್ನು. ಈ ರಚನೆಯಲ್ಲಿ ಕ್ರಿಯಾಪದದ ನಂತರ ಅದೇ ಧಾತುವಿನ ಭಾವನಾಮ, ಅಂದರೆ ಮಸ್ದರ್, ಸಾಮಾನ್ಯವಾಗಿ ‘ಅನ್’ ಎಂಬ ಕೊನೆ ಹೊತ್ತು ಮತ್ತೆ ಬರುತ್ತದೆ. ‘ಒಂದು ನಗೆ ನಕ್ಕ’, ‘ಎಂಥ ಓಟ ಓಡಿದ’ ಎನ್ನುವ ನಮಗೆ ಇದೇನೂ ವಿಚಿತ್ರ ಅನಿಸುವುದಿಲ್ಲ. ಇಂಗ್ಲಿಷಿನಲ್ಲೂ ‘ಲಿವ್ಡ್ ಎ ಹ್ಯಾಪಿ ಲೈಫ್’ ಥರದವು ಇವೆ, ಆದರೆ ಕೆಲವೇ.

ಪತ್ರಿಕಾ ಹೇಳಿಕೆಗಳಲ್ಲಿ ಪದೇ ಪದೇ ಕಾಣುವ ವಾಕ್ಯ ತಗೊಳ್ಳಿ: ‘ನಫತ್ ಅಶ್ಶರಿಕತು ನಫ್ಯನ್ ಕಾತಿಅನ್’. ಪದಕ್ಕೆ ಪದ ಇಟ್ಟರೆ ‘ಕಂಪನಿ ಕತ್ತರಿಸುವಂಥ ನಿರಾಕರಣೆ ನಿರಾಕರಿಸಿತು’. ಇಲ್ಲಿ ತೂಕ ಇರುವುದು ‘ಕಾತಿಅನ್’ ಎಂಬ ವಿಶೇಷಣದಲ್ಲಿ. ‘ನಫ್ಯನ್’ ಅದನ್ನು ತೂಗುಹಾಕುವ ಗೂಟ ಮಾತ್ರ. ಇಂಗ್ಲಿಷಿಗೆ ಗೂಟ ಬೇಡ, ಕ್ರಿಯಾವಿಶೇಷಣ ನೇರವಾಗಿ ಕ್ರಿಯಾಪದಕ್ಕೆ ಅಂಟುತ್ತದೆ: ‘ದಿ ಕಂಪನಿ ಕೆಟಗಾರಿಕಲಿ ಡಿನೈಡ್’. ಯಾವ ಕ್ರಿಯಾವಿಶೇಷಣ ಎಂಬುದನ್ನು ಅರಬ್ಬಿ ನಿಘಂಟು ಹೇಳುವುದಿಲ್ಲ, ಇಂಗ್ಲಿಷ್ ಕ್ರಿಯಾಪದವೇ ಹೇಳಬೇಕು. ‘ಬಾತ್ತನ್’ ಕೂಡ ಕತ್ತರಿಸುವ ಅರ್ಥದ್ದೇ. ಆದರೂ ಗೋಡೆಯ ಮೇಲಿನ ‘ಯುಮ್ನಉ ಮನ್ಅನ್ ಬಾತ್ತನ್’ ಇಂಗ್ಲಿಷಿನಲ್ಲಿ ‘ಸ್ಟ್ರಿಕ್ಟ್ಲಿ ಪ್ರೊಹಿಬಿಟೆಡ್’ ಆಗುತ್ತದೆ. ಅಲ್ಲಿ ‘ಕೆಟಗಾರಿಕಲಿ’ ಹಾಕಿದರೆ ಬೋರ್ಡು ಓದಿದ ಹಾಗಿರುವುದಿಲ್ಲ.

ವಿಶೇಷಣವೇ ಇಲ್ಲದೆ ಮಸ್ದರ್ ಒಂಟಿಯಾಗಿ ನಿಂತಾಗ ಕೆಲಸ ಕಷ್ಟ. ‘ದಮ್ಮರಹು ತದ್ಮೀರನ್’ ಎಂದರೆ ಅದನ್ನು ನಾಶಮಾಡಿದ, ಬರೀ ಒತ್ತು. ‘ಟೋಟಲಿ’, ‘ಕಂಪ್ಲೀಟ್ಲಿ’ ಸೇರಿಸುವುದು ಸುಲಭದ ದಾರಿ. ಪುಟಕ್ಕೆ ನಾಲ್ಕು ಸಲ ಬಂದರೆ ಯಾವುದಕ್ಕೂ ಬೆಲೆ ಉಳಿಯುವುದಿಲ್ಲ. ಹಾಗಾಗಿ ನಾನು ಕ್ರಿಯಾಪದವನ್ನೇ ಬಲಪಡಿಸುತ್ತೇನೆ: ಕಟ್ಟಡದ ಮಾತಾದರೆ ನೆಲಸಮ ಮಾಡಿದ ಎಂಬರ್ಥದ ‘ರೇಜ್ಡ್’ ಒಂದೇ ಸಾಕು.

ಒಪ್ಪಂದಗಳಲ್ಲಿ ಮಾತ್ರ ಕೈ ಬಿಗಿ ಹಿಡಿಯುತ್ತೇನೆ. ‘ಯಲ್ತಝಿಮು ಇಲ್ತಿಝಾಮನ್ ತಾಮ್ಮನ್’ ಎಂದಿದ್ದರೆ ‘ಶಲ್ ಫುಲ್ಲಿ ಕಂಪ್ಲೈ’. ‘ಶಲ್’ ಇದ್ದ ಮೇಲೆ ‘ಫುಲ್ಲಿ’ ಯಾಕೆ, ತೆಗೆಯೋಣ ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಮೂಲದ ಒಂದು ಕಲಮಿನಲ್ಲಿ ‘ತಾಮ್ಮನ್’ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಆ ವ್ಯತ್ಯಾಸ ವಕೀಲರಿಗೆ ಕಾಣಬೇಕು. ಮೂಲದಲ್ಲಿ ಇಲ್ಲದ ಕಡೆ ಸೇರಿಸುವುದೂ ಅಷ್ಟೇ ತಪ್ಪು.

‘ಅನ್’ ಕಂಡದ್ದೆಲ್ಲ ಒತ್ತು ಎಂದುಕೊಳ್ಳಬಾರದು. ‘ಕಾಮ ಇಹ್ತಿರಾಮನ್ ಲಹು’ ಎಂಬಲ್ಲಿ ಎರಡು ಪದಗಳ ಧಾತು ಬೇರೆ ಬೇರೆ. ಮಸ್ದರ್ ಎದ್ದುನಿಂತದ್ದಕ್ಕೆ ಕಾರಣ ಹೇಳುತ್ತಿದೆ, ಆತನ ಮೇಲಿನ ಗೌರವದಿಂದ ಎದ್ದ ಎಂದು. ಇನ್ನು ‘ದರಬಹು ದರ್ಬತೈನಿ’ಯಲ್ಲಿ ಧಾತು ಒಂದೇ ಆದರೂ ಅದು ಲೆಕ್ಕ: ಎರಡು ಸಲ ಹೊಡೆದ. ಪುನರುಕ್ತಿ ತೆಗೆಯುವ ಉತ್ಸಾಹದಲ್ಲಿ ಅದನ್ನು ಅಳಿಸಿದರೆ ಪೊಲೀಸ್ ವರದಿಯಿಂದ ಒಂದು ಪೆಟ್ಟು ಮಾಯವಾಗುತ್ತದೆ.