ಮೂರು ಸಾಲು, ಮೂರೂ ಪೆಂಡಿಂಗ್

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಸೊಸೈಟಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕುತ್ತಿದ್ದೇವೆ. ಇವತ್ತು ವಾರದ ರಿಪೋರ್ಟ್ ಬಂತು. ಮೂರು ಸಾಲು, ಮೂರರ ಮುಂದೂ ‘ಪೆಂಡಿಂಗ್’.

ಈ ಕೆಲಸ ನೋಡಿಕೊಳ್ಳುವ ನಮ್ಮ ಹುಡುಗನಿಗೆ ಫೋನ್ ಮಾಡಿದೆ.

ರಸೀದಿ ಪ್ರಿಂಟ್? “ಇನ್ನೂ ಕೈ ಹಾಕಿಲ್ಲ ಸಾರ್.” ಸರಿ, ಇದು ಪೆಂಡಿಂಗೇ. ಸರದಿ ಬಂದಾಗ ಅವನೇ ಮಾಡುತ್ತಾನೆ, ನಾನು ಮೂಗು ತೂರಿಸಬೇಕಿಲ್ಲ.

ಸದಸ್ಯರಿಗೆ ಹೋಗುವ ಎಸ್ಸೆಮ್ಮೆಸ್? ಅದರ ಒಕ್ಕಣೆಗೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಪೋರ್ಟಲ್‌ನಲ್ಲಿ ಒಪ್ಪಿಗೆ ಸಿಗಬೇಕು, ಇಲ್ಲದಿದ್ದರೆ ಮೆಸೇಜ್ ಹೋಗಲ್ಲ. ಸೋಮವಾರವೇ ಕಳಿಸಿದ್ದಾನಂತೆ. ಹಾಗಾದರೆ ಇದು ಬೇರೆಯವರ ಕೈಯಲ್ಲಿದೆ. ಯಾರ ಹತ್ತಿರ, ಯಾವತ್ತಿಂದ, ಮತ್ತೆ ಯಾವತ್ತು ಕೇಳೋದು, ಇಷ್ಟು ಬರೆದರೆ ಸಾಕಿತ್ತು.

ಮೂರನೆಯದೇ ಮಜಾ. ಹಳೇ ಲೆಡ್ಜರ್. ಒಂದು ಸದಸ್ಯ ನಂಬರಿಗೆ ಎರಡು ಹೆಸರು. ಅಪ್ಪ ತೀರಿಕೊಂಡ ಮೇಲೆ ಮಗ ಅದೇ ನಂಬರಿನಲ್ಲಿ ಅಡಿಕೆ ತಂದು ಹಾಕುತ್ತಿದ್ದಾನೆ. (ನಮ್ಮ ಕಡೆ ಇದು ಮಾಮೂಲಿ, ಅಲ್ವಾ?) ಹಳೇ ಸಾಲದ ಬಾಕಿ ಯಾರ ಖಾತೆಗೆ ಹೋಗಬೇಕು? ಅದು ಗೊತ್ತಾಗದೆ ಲೆಡ್ಜರನ್ನು ಸಾಫ್ಟ್‌ವೇರಿಗೆ ಏರಿಸೋಕಾಗಲ್ಲ. ಸೊಸೈಟಿಯವರೇ ಹೇಳಬೇಕು. ಆದರೆ ಅವರನ್ನು ಯಾರೂ ಕೇಳೇ ಇಲ್ಲ! ಅಂದರೆ ಎಷ್ಟು ಕಾದರೂ ಉತ್ತರ ಬರೋದಿಲ್ಲ. ಇದು ಬ್ಲಾಕ್ ಆಗಿರುವ ಕೆಲಸ. ಹಾಗಂತ ಬರೆದಿದ್ದರೆ ಅದೊಂದು ಸಾಲನ್ನಾದರೂ ನಾನು ಮೊದಲು ನೋಡುತ್ತಿದ್ದೆ.

ಸೆಕ್ರೆಟರಿಯವರಿಗೆ ಫೋನ್ ಮಾಡಿದೆ. ಬುಧವಾರದ ಮೀಟಿಂಗಲ್ಲಿ ಇಡುತ್ತಾರಂತೆ. ಈಗ ಆ ಸಾಲು ಹೀಗಿದೆ: ‘ಸೆಕ್ರೆಟರಿ ಹತ್ತಿರ ಇದೆ, ಗುರುವಾರ ಕೇಳಬೇಕು’. ಗುರುವಾರವೂ ಉತ್ತರ ಇಲ್ಲದಿದ್ದರೆ ಮತ್ತೆ ಬ್ಲಾಕ್ ಅಂತ ಕೆಂಪಲ್ಲಿ ಬರೆಯೋಕೆ ಹೇಳಿದ್ದೇನೆ.