ಬಾಣಂತಿಗೆ ಯಾವ ಮಾತ್ರೆ, ಎಷ್ಟು ದಿನ?

“ಹೆರಿಗೆ ಆಯ್ತಲ್ಲ ಮೇಡಂ, ಇನ್ನೂ ಐರನ್, ವಿಟಮಿನ್ ಡಿ, ಬಿ12 ಅಂತ ಮಾತ್ರೆ ನುಂಗ್ಬೇಕಾ? ಅಮ್ಮ ಬಾಣಂತನ ಚೆನ್ನಾಗಿ ಮಾಡ್ತಿದ್ದಾರೆ, ಊಟದಲ್ಲೇ ಸಿಗಲ್ವಾ?”

ಐರನ್ ಬೇಕೇ ಬೇಕು, ಹೆರಿಗೆಯಾದ ಮೇಲೂ ಆರು ತಿಂಗಳು. ವಿಟಮಿನ್ ಡಿ ನಿಮಗೂ ಬೇಕು, ಮಗುವಿಗೆ ಬೇರೆಯಾಗಿಯೇ ಬೇಕು. ಬಿ12 ಮಾತ್ರ ನೀವು ಏನು ಊಟ ಮಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಸಸ್ಯಾಹಾರಿಯಾಗಿದ್ದರೆ ಅದನ್ನು ಮರೆಯಲೇಬಾರದು. ಈ ಮೂರೂ ಒಂದೇ ಥರ ಅಲ್ಲ. ತಾಯಿಯಲ್ಲಿ ಕೊರತೆ ಇದ್ದರೆ ಹಾಲಿನ ಮೂಲಕ ಮಗುವಿಗೆ ಏನಾಗುತ್ತದೆ ಅನ್ನುವುದು ಒಂದೊಂದರಲ್ಲೂ ಬೇರೆ.

ಮೊದಲು ಐರನ್. ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದರೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಅದರ ಜೊತೆ ಹೋಯಿತು ಅಂತ ಲೆಕ್ಕ. ಸಿಸೇರಿಯನ್ ಆದರೆ ಸಾಮಾನ್ಯವಾಗಿ ಇನ್ನೂ ಜಾಸ್ತಿ. ಊಟದಿಂದ ದಿನಕ್ಕೆ ಮೈಗೆ ಹತ್ತುವುದು ಒಂದೆರಡು ಮಿಲಿಗ್ರಾಂ ಅಷ್ಟೇ. ಸಬ್ಬಸಿಗೆ ಸೊಪ್ಪು, ರಾಗಿ, ಬೆಲ್ಲ ಎಲ್ಲ ತಿನ್ನಿ, ಒಳ್ಳೆಯದೇ. ಆದರೆ ಬಸಿರಿನಲ್ಲೇ ಖಾಲಿಯಾಗಿದ್ದ ದಾಸ್ತಾನು ಅದರಿಂದ ಬೇಗ ತುಂಬುವುದಿಲ್ಲ. ಅದಕ್ಕೇ ಆಶಾ ಕಾರ್ಯಕರ್ತೆ ಕೊಡುವ ಕೆಂಪು ಮಾತ್ರೆಯನ್ನು ಬಸಿರಿನಲ್ಲಿ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ತೆಗೆದುಕೊಳ್ಳಿ ಅನ್ನುತ್ತಾರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ.

ಇಲ್ಲಿ ಮಗುವಿನ ಚಿಂತೆ ಕಡಿಮೆ. ತಾಯಿಗೆ ರಕ್ತಹೀನತೆ ಇದ್ದರೂ ಎದೆಹಾಲಿನ ಕಬ್ಬಿಣ ಅಷ್ಟೇನೂ ಬದಲಾಗುವುದಿಲ್ಲ. ಕಷ್ಟಪಡುವವಳು ತಾಯಿ: ಮೆಟ್ಟಿಲು ಹತ್ತಿದರೆ ಏದುಸಿರು, ನಿದ್ದೆ ಮಾಡಿದರೂ ಹೋಗದ ಸುಸ್ತು, ಸುಮ್ಸುಮ್ನೆ ಅಳು. ಬಾಣಂತಿ ಅಂದ ಮೇಲೆ ಇದೆಲ್ಲ ಇದ್ದದ್ದೇ ಅಂತ ಮನೆಯವರು ಬಿಟ್ಟುಬಿಡುತ್ತಾರೆ. ಹಾಗೆ ಬಿಡಬಾರದು. ಹಿಮೋಗ್ಲೋಬಿನ್ ನೋಡಿಸಿ.

ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುತ್ತಿಲ್ಲ ಅಂದರೆ ನಾನು ಮೊದಲು ಕೇಳುವುದು, ಯಾವಾಗ ನುಂಗುತ್ತೀರಿ, ಯಾವುದರ ಜೊತೆ ಅಂತ. ಕ್ಯಾಲ್ಸಿಯಂ ಮಾತ್ರೆ, ಹಾಲು, ಕಾಫಿ, ಟೀ ಇವೆಲ್ಲ ಕಬ್ಬಿಣ ಮೈಗೆ ಹತ್ತದ ಹಾಗೆ ತಡೆಯುತ್ತವೆ. ಮರೆಯಬಾರದು ಅಂತ ಎರಡೂ ಮಾತ್ರೆಯನ್ನು ರಾತ್ರಿ ಹಾಲಿನ ಜೊತೆ ಒಟ್ಟಿಗೆ ನುಂಗುವವರು ಬಹಳ ಜನ. ಕ್ಯಾಲ್ಸಿಯಂ ಬೆಳಿಗ್ಗೆ ತಿಂಡಿ ಮತ್ತು ರಾತ್ರಿ ಊಟದ ಜೊತೆ ಇರಲಿ. ಐರನ್ ಮಧ್ಯಾಹ್ನದ ಊಟವಾಗಿ ಎರಡು ಗಂಟೆ ಬಿಟ್ಟು, ನಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಳ್ಳಿ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಹೊಲಿಗೆ ಇರುವಾಗ ಮಲಬದ್ಧತೆ ಆದರೆ ಮಾತ್ರ ನಿಜವಾಗಿಯೂ ಹಿಂಸೆ, ಬಹಳ ಹೆಣ್ಣುಮಕ್ಕಳು ಮಾತ್ರೆ ಬಿಡುವುದೇ ಆಗ. ಬಿಡುವ ಮೊದಲು ಡಾಕ್ಟರ್ ಹತ್ತಿರ ಹೇಳಿ. ಬೇರೆ ಮಾತ್ರೆ ಕೊಡಬಹುದು, ದಿನ ಬಿಟ್ಟು ದಿನ ತೆಗೆದುಕೊಳ್ಳಿ ಅನ್ನಬಹುದು, ತೀರಾ ಕಡಿಮೆ ಇದ್ದರೆ ಡ್ರಿಪ್‌ನಲ್ಲೇ ಐರನ್ ಕೊಡುತ್ತಾರೆ.

ವಿಟಮಿನ್ ಡಿ ಕಥೆ ಬೇರೆ. ಕಿವಿಗೆ ಬಟ್ಟೆ ಕಟ್ಟಿಕೊಂಡು, ಕಿಟಕಿ ಮುಚ್ಚಿದ ಕೋಣೆಯಲ್ಲಿ ತಿಂಗಳುಗಟ್ಟಲೆ ಇರುವ ಬಾಣಂತಿಗೆ ಬಿಸಿಲು ಎಲ್ಲಿಂದ ಬರಬೇಕು? ದಿನಕ್ಕೆ 600 ಐಯು ಆಸುಪಾಸು ಬೇಕು. ಸರ್ಕಾರದ ಕ್ಯಾಲ್ಸಿಯಂ ಮಾತ್ರೆಯಲ್ಲಿ ಒಂದರಲ್ಲಿ 250 ಐಯು ಇರುತ್ತದೆ, ದಿನಕ್ಕೆ ಎರಡು ತೆಗೆದುಕೊಂಡರೆ ಹೆಚ್ಚುಕಡಿಮೆ ಅಷ್ಟಾಯಿತು. ಕೊರತೆ ಇದೆ ಅಂತ ಟೆಸ್ಟ್‌ನಲ್ಲಿ ಬಂದರೆ 60,000 ಐಯು ಸ್ಯಾಶೆ ಬರೆಯುತ್ತಾರೆ. ಅದು ಸಾಮಾನ್ಯವಾಗಿ ವಾರಕ್ಕೆ ಒಂದು. ದಿನಾ ಒಂದು ಅಂತ ತಪ್ಪಾಗಿ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಏಟು ಬೀಳುತ್ತದೆ.

ನೀವು ಮಾಮೂಲಿ ಪ್ರಮಾಣದಲ್ಲಿ ತೆಗೆದುಕೊಂಡ ಡಿ ಹಾಲಿನಲ್ಲಿ ಇಳಿಯುವುದು ತೀರಾ ಸ್ವಲ್ಪ. ಅದು ಮಗುವಿಗೆ ಸಾಲುವುದಿಲ್ಲ. ಆದ್ದರಿಂದ ಮಗುವಿಗೆ ಹುಟ್ಟಿದ ಮೊದಲ ದಿನಗಳಿಂದ ಒಂದು ವರ್ಷದವರೆಗೆ ದಿನಕ್ಕೆ 400 ಐಯು ಡ್ರಾಪ್ಸ್ ಹಾಕಬೇಕು. ಕೆಲವು ಬಾಟಲಿಯಲ್ಲಿ 1 ಎಂಎಲ್‌ಗೆ 400 ಇರುತ್ತದೆ, ಕೆಲವದರಲ್ಲಿ 800. ಅಂಗಡಿಯವರು ಬ್ರ್ಯಾಂಡ್ ಬದಲಿಸಿ ಕೊಟ್ಟರೆ ಲೇಬಲ್ ಮತ್ತೆ ಓದಿ.

ನನಗೆ ಹೆಚ್ಚು ಕಳವಳ ಇರುವುದು ಬಿ12 ಬಗ್ಗೆ. ಇದು ಗಿಡದ ಆಹಾರದಲ್ಲಿ ಇಲ್ಲ. ಸೊಪ್ಪು, ಬೇಳೆ, ರಾಗಿ ಎಷ್ಟೇ ತಿಂದರೂ ಸಿಗುವುದಿಲ್ಲ. ಸಸ್ಯಾಹಾರಿಗೆ ಹಾಲು, ಮೊಸರು, ಮಜ್ಜಿಗೆಯೇ ಗತಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ಮೊದಲು ನಿಲ್ಲಿಸುವುದೇ ಮೊಸರು, ಶೀತ ಅಂತ. ಉಳಿಯುವುದು ಮೆಣಸಿನ ಸಾರು, ಅನ್ನ, ತುಪ್ಪ. ತುಪ್ಪದಲ್ಲಿ ಬಿ12 ಇಲ್ಲ. ಕೆಂಪು ಮಾತ್ರೆಯಲ್ಲೂ ಇಲ್ಲ.

ಐರನ್ ಹಾಗಲ್ಲ ಇದು. ತಾಯಿಯಲ್ಲಿ ಬಿ12 ಕಡಿಮೆಯಾದರೆ ಹಾಲಿನಲ್ಲೂ ಕಡಿಮೆಯಾಗುತ್ತದೆ. ಬಸಿರಿನಲ್ಲೂ ಸಾಕಷ್ಟು ಸಿಗದ ಮಗು ಎದೆಹಾಲು ಒಂದನ್ನೇ ನಂಬಿಕೊಂಡಿದ್ದರೆ ಕೆಲವು ತಿಂಗಳಾದ ಮೇಲೆ ತೊಂದರೆ ಕಾಣಬಹುದು. ನಗುತ್ತಿದ್ದ ಮಗು ಮಂಕಾಗುತ್ತದೆ. ಮಗುಚುವುದು, ಕೂರುವುದು ಕಲಿತಿದ್ದು ಹಿಂದಕ್ಕೆ ಹೋಗುತ್ತದೆ. ಮೈ ಬಿಳಿಚಿಕೊಳ್ಳುತ್ತದೆ, ಬೆರಳ ಗೆಣ್ಣು ಕಪ್ಪಾಗುತ್ತದೆ, ಕೂದಲು ತೆಳ್ಳಗೆ ಕಂದಾಗುತ್ತದೆ, ಕೆಲವರಲ್ಲಿ ಕೈಕಾಲು ನಡುಗುತ್ತದೆ. ಹೀಗೆ ಕಂಡರೆ ಕಾಯಬೇಡಿ, ಅದೇ ದಿನ ಮಕ್ಕಳ ಡಾಕ್ಟರ್‌ಗೆ ತೋರಿಸಿ. ಬೇಗ ಚಿಕಿತ್ಸೆ ಕೊಟ್ಟಷ್ಟೂ ಮಗು ಚೆನ್ನಾಗಿ ಚೇತರಿಸಿಕೊಳ್ಳುತ್ತದೆ.

ತಾಯಿಯ ಕೊರತೆ ರಿಪೋರ್ಟ್‌ನಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ. ಉದಾಹರಣೆಗೆ ಒಬ್ಬ ಸಸ್ಯಾಹಾರಿ ಬಾಣಂತಿ. ಸಿಸೇರಿಯನ್ ಆಗಿ ಆರು ವಾರ. ಹಿಮೋಗ್ಲೋಬಿನ್ 9.4. ಕೆಂಪು ಕಣದ ಗಾತ್ರ ಹೇಳುವ ಎಂಸಿವಿ 88, ಅಂದರೆ ಸರಿಯಾಗಿದೆ. ಐರನ್ ಕೊರತೆಯಲ್ಲಿ ಕಣ ಚಿಕ್ಕದಾಗಬೇಕು, ಬಿ12 ಕೊರತೆಯಲ್ಲಿ ದೊಡ್ಡದಾಗಬೇಕು. ಇವಳಿಗೆ ಎರಡೂ ಇರುವುದರಿಂದ ಸರಾಸರಿ ನೆಟ್ಟಗೆ ಬಂದಿದೆ. ಸುಳಿವು ಸಿಗುವುದು ಪಕ್ಕದ ಆರ್‌ಡಿಡಬ್ಲ್ಯೂನಲ್ಲಿ. ಅದು 18 ಇದೆ, ಅಂದರೆ ಕಣಗಳು ಒಂದೊಂದು ಒಂದೊಂದು ಗಾತ್ರ. ಮುಂದಕ್ಕೆ ಟೆಸ್ಟ್ ಮಾಡಿಸಿದರೆ ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್ 11, ಬಿ12 140. ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ದಾಸ್ತಾನು ಖಾಲಿ. ಬಿ12 200ಕ್ಕಿಂತ ಕೆಳಗಿದ್ದರೆ ಕೊರತೆ. ಇವಳಿಗೆ ಐರನ್ ಒಂದನ್ನೇ ಕೊಟ್ಟಿದ್ದರೆ ಅರ್ಧ ಕೆಲಸ ಆಗುತ್ತಿತ್ತು. ಕೆಂಪು ಮಾತ್ರೆಯಲ್ಲಿರುವ ಫೋಲಿಕ್ ಆಸಿಡ್ ರಕ್ತವನ್ನು ಸ್ವಲ್ಪ ಸರಿಮಾಡಿ, ಒಳಗೊಳಗೇ ನರಕ್ಕೆ ಆಗುವ ತೊಂದರೆಯನ್ನು ಮುಚ್ಚಿಡುವ ಸಾಧ್ಯತೆಯೂ ಇತ್ತು. ಅವಳ ಕಾಲು ಜುಮುಜುಮು ಅನ್ನುತ್ತಿದ್ದರೆ ಅದು ವಾಯು ಅಲ್ಲ.

ಈ ಟೆಸ್ಟ್‌ಗಳಿಗೆ ಆರನೇ ವಾರ ಒಳ್ಳೆಯ ಸಮಯ. ಹೆರಿಗೆಯಾದ ಹೊಸತರಲ್ಲಿ ಫೆರಿಟಿನ್ ಸುಳ್ಳಾಗಿ ಜಾಸ್ತಿ ತೋರಿಸುತ್ತದೆ, ಬಿ12 ಬಸಿರಿನ ಕಾರಣಕ್ಕೇ ಕಡಿಮೆ ತೋರಿಸುತ್ತದೆ. ಆದರೆ ಸುಸ್ತು ಜಾಸ್ತಿ ಇದ್ದರೆ ಹಿಮೋಗ್ಲೋಬಿನ್‌ಗೆ ಅಲ್ಲಿವರೆಗೆ ಕಾಯಬೇಡಿ. ಬಿ12 ಮಾತ್ರೆ ಶುರುಮಾಡುವ ಮೊದಲೇ ರಕ್ತ ಕೊಡಿ, ಆಮೇಲೆ ಕೊಟ್ಟರೆ ಸಂಖ್ಯೆ ನಂಬಲಾಗದು.

ಕೊರತೆ ಇದ್ದರೆ ಇಂಜೆಕ್ಷನ್ ಅಥವಾ ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆ ಬರೆಯುತ್ತಾರೆ. ಬೇಕಾಗಿರುವುದು ದಿನಕ್ಕೆ ಮೂರು ಚಿಲ್ಲರೆ, ಸಾವಿರ ಯಾಕೆ ಅಂತ ಕೇಳುತ್ತಾರೆ. ಅಷ್ಟು ದೊಡ್ಡ ಡೋಸ್‌ನಲ್ಲಿ ಮೈಗೆ ಹತ್ತುವುದು ನೂರಕ್ಕೆ ಒಂದೆರಡು ಪಾಲು, ಅದಕ್ಕೆ. ಕೊರತೆ ಇಲ್ಲದ ಸಸ್ಯಾಹಾರಿ ತಾಯಿ ಹಾಲುಣಿಸುವಷ್ಟು ಕಾಲವೂ ಸಣ್ಣ ಡೋಸ್ ಮಾತ್ರೆ ತೆಗೆದುಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಜೊತೆಗೆ ಮೊಸರನ್ನು ಮತ್ತೆ ತಟ್ಟೆಗೆ ತನ್ನಿ. ತಣ್ಣಗಿರುವುದು ಬೇಡ ಅಂತ ಅಮ್ಮ ಅಂದರೆ ಫ್ರಿಜ್‌ನಲ್ಲಿ ಇಡದ, ಅದೇ ದಿನ ಹೆಪ್ಪಾದ ಮೊಸರನ್ನು ಬಿಸಿ ಅನ್ನಕ್ಕೆ ಕಲಸಿಕೊಳ್ಳಿ.