ದಿನಾ ಎರಡು ಚಮಚ ಬೇಳೆ

14 ಮಾರ್ಚ್ 2026, ಶನಿವಾರ

ಇವತ್ತು ಬಂದವರು ಕುರ್ಚಿ ಎಳೆದುಕೊಳ್ಳುವಾಗಲೇ ಹೇಳಿದರು, "ಮೇಡಂ, ನಂಗೆ ಈ ಫೈಬರ್ ಎಲ್ಲ ಆಗಿಬರಲ್ಲ." ಕೊಲೆಸ್ಟ್ರಾಲ್ ಜಾಸ್ತಿ ಇದೆ, ಕಾಳು ತರಕಾರಿ ಹೆಚ್ಚಿಸಿ ಅಂತ ಡಾಕ್ಟರ್ ಹೇಳಿದ್ದರು. ಇವರು ಸೋಮವಾರದಿಂದಲೇ ಬೆಳಗ್ಗೆ ಗೋಧಿ ತೌಡು, ಮಧ್ಯಾಹ್ನ ಹಸಿ ಎಲೆಕೋಸು ಮತ್ತು ಈರುಳ್ಳಿ, ರಾತ್ರಿ ಒಂದು ಬಟ್ಟಲು ಕಡಲೆಕಾಳು, ನಡುವೆ ಹಸಿವಾದರೆ 'ಹೈ ಫೈಬರ್' ಬಿಸ್ಕತ್ತು ಅಂತ ಶುರು ಹಚ್ಚಿಕೊಂಡಿದ್ದಾರೆ. ಗುರುವಾರಕ್ಕೆ ಪ್ಯಾಂಟಿನ ಗುಂಡಿ ಹಾಕೋಕೇ ಆಗಲಿಲ್ಲವಂತೆ. ಆಗದೆ ಏನು ಮತ್ತೆ!

ಕಾಳಿನಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅಂತ ಕೆಲವು ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಹಾಗಾಗಿ ಇಡಿಯಾಗಿ ದೊಡ್ಡ ಕರುಳಿಗೆ ಹೋಗುತ್ತವೆ, ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ತಿಂದು ಗ್ಯಾಸ್ ಮಾಡುತ್ತವೆ. ಆದರೆ ದಿನಾ ಸ್ವಲ್ಪ ಸ್ವಲ್ಪ ಕೊಡುತ್ತಾ ಹೋದರೆ ಅದೇ ಸಕ್ಕರೆಯನ್ನು ಗ್ಯಾಸ್ ಮಾಡದೆ ಬಳಸುವ ಬಿಫಿಡೋ ಬ್ಯಾಕ್ಟೀರಿಯಾಗಳ ಸಂಖ್ಯೆ ಏರುತ್ತದೆ, ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಹೊಟ್ಟೆ ತಣ್ಣಗಾಗುತ್ತದೆ. ಅದಕ್ಕೇ ಭಾನುವಾರ ಮಾತ್ರ ಒಂದು ಬಟ್ಟಲು ತಿನ್ನುವವರಿಗೆ ಪ್ರತಿ ಭಾನುವಾರವೂ ಹೊಟ್ಟೆ ಉಬ್ಬುತ್ತದೆ. ಬೇಗ ಹೆಚ್ಚಿಸಬೇಕು ಅನ್ನುವವರು ಪ್ರಮಾಣ ಏರಿಸೋಕೆ ಅವಸರ ಮಾಡಬಾರದು, ದಿನ ತಪ್ಪಿಸಬಾರದು, ಅಷ್ಟೇ.

ಇವರಿಗೆ ಬರೆದುಕೊಟ್ಟಿದ್ದು ಹೀಗೆ. ಬಿಸ್ಕತ್ತು ಬಂದ್. ಅದರ ಪೊಟ್ಟಣ ತಂದಿದ್ದರು, ಹಿಂದೆ ಇನ್ಯುಲಿನ್ ಅಂತ ಬರೆದಿತ್ತು. ಅದು ಬೇಗ ಹುಳಿಯುವ ನಾರು, ಗ್ಯಾಸ್ ಬೇಕು ಅಂದರೆ ಅದಕ್ಕಿಂತ ಸುಲಭದ ದಾರಿ ಇಲ್ಲ! ಈರುಳ್ಳಿ, ಬೆಳ್ಳುಳ್ಳಿ, ಎಲೆಕೋಸು, ಹೂಕೋಸನ್ನು ಎರಡು ವಾರ ಪಕ್ಕಕ್ಕಿಡಿ ಅಂದೆ, ತೌಡೂ ಬೇಡ. ಬೇಯಿಸಿದ ಕ್ಯಾರೆಟ್, ಕುಂಬಳಕಾಯಿ, ಬೀನ್ಸ್ ಎಷ್ಟಾದರೂ ಇರಲಿ. ಮಧ್ಯಾಹ್ನದ ಊಟಕ್ಕೆ ಸಿಪ್ಪೆ ತೆಗೆದ ಹೆಸರುಬೇಳೆ, ಬೇಯಿಸಿದ್ದು, ದೊಡ್ಡ ಚಮಚದಲ್ಲಿ ಎರಡು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ಚಮಚ ಏರಿಸಬೇಕು. ಹೊಟ್ಟೆ ಬಿಗಿದರೆ ನಿಲ್ಲಿಸೋದಲ್ಲ, ಹಿಂದಿನ ಅಳತೆಗೆ ಇಳಿದು ಅಲ್ಲೇ ಕೆಲವು ದಿನ ಇರಬೇಕು. ಹೆಚ್ಚಿನವರು ತಪ್ಪೋದು ಇಲ್ಲೇ, ಪೂರ್ತಿ ಬಿಟ್ಟರೆ ಮತ್ತೆ ಮೊದಲಿಂದ ಶುರು. ಅರ್ಧ ಬಟ್ಟಲು ಬೇಳೆ ಸಲೀಸಾಗಿ ಜೀರ್ಣವಾದ ಮೇಲೆ ಅದರಲ್ಲಿ ಎರಡು ಚಮಚದಷ್ಟನ್ನು ಕಡಿಮೆ ಮಾಡಿ ಆ ಜಾಗಕ್ಕೆ ಕಡಲೆಕಾಳು. ಅರ್ಧ ಕಪ್ ಬೆಂದ ಕಡಲೆಯಲ್ಲಿ ಸುಮಾರು 6 ಗ್ರಾಂ ನಾರಿದೆ, ಕಮ್ಮಿಯೇನಲ್ಲ.

ಕಾಳು ನೆನೆಸೋದನ್ನೂ ವಿವರಿಸಿದೆ. ರಾತ್ರಿಯಿಡೀ ಧಾರಾಳ ನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಬೇಯಿಸಬೇಕು. ಆ ಸಕ್ಕರೆಗಳಲ್ಲಿ ಒಂದಷ್ಟು ನೀರಿಗೆ ಬಿಡುತ್ತವೆ. ಬೆರಳ ನಡುವೆ ಒತ್ತಿದರೆ ನುಣ್ಣಗೆ ಹಿಚುಕಬೇಕು, ನಡುವೆ ಗಟ್ಟಿ ಸಿಕ್ಕರೆ ಇನ್ನೂ ಬೇಯಲಿ. ಮೊಳಕೆ ಬರಿಸಿದರೆ ಇನ್ನೂ ಕಮ್ಮಿಯಾಗುತ್ತದೆ, ಆದರೆ ಅದನ್ನೂ ಬೇಯಿಸಿಯೇ ತಿನ್ನಿ.

"ಊಟ ಆಗಿ ಅರ್ಧ ಗಂಟೆಗೇ ಉಬ್ಬುತ್ತೆ ಮೇಡಂ, ಅದೂ ಕಾಳಿಂದಾನಾ?" ಅಂದರು. ಒಳ್ಳೆ ಪ್ರಶ್ನೆ. ಕಾಳು ದೊಡ್ಡ ಕರುಳು ತಲುಪೋಕೆ ಕೆಲವು ಗಂಟೆ ಬೇಕು, ಮಧ್ಯಾಹ್ನ ತಿಂದದ್ದರ ಗ್ಯಾಸ್ ಸಂಜೆ ಕಾಣುತ್ತದೆ. ಊಟದ ಬೆನ್ನಿಗೇ ಉಬ್ಬಿದರೆ ಗಾಳಿ ನುಂಗಿರಬಹುದು, ಸೋಡಾ ಕುಡಿದಿರಬಹುದು, ಅಥವಾ ಹಿಂದಿನ ಊಟದ್ದಿರಬಹುದು. ಇವರು ಗಬಗಬ ತಿನ್ನುವವರು, ಮಾತಿನ ಮಧ್ಯೆ ತಾವೇ ಒಪ್ಪಿಕೊಂಡರು. ಕಾಳನ್ನು ರಾತ್ರಿಯಿಂದ ಮಧ್ಯಾಹ್ನಕ್ಕೆ ತಂದಿದ್ದೂ ಇದಕ್ಕೇ, ಇಲ್ಲದಿದ್ದರೆ ಗ್ಯಾಸ್ ನಿದ್ದೆ ಹೊತ್ತಿಗೆ ಏಳುತ್ತದೆ.

ಮಲಬದ್ಧತೆ ಇದೆಯಾ ಅಂತ ಕೇಳಿದೆ, ಮುಕ್ಕಬೇಕು, ಸಣ್ಣ ಸಣ್ಣ ಗಟ್ಟಿ ಉಂಡೆ ಅಂದರು. ಹಾಗಿದ್ದರೆ ಮೊದಲು ಅದು ಸರಿಹೋಗಬೇಕು, ಹಳೆಯದು ಹೊರಹೋಗದೆ ಒಳಗೆ ಇನ್ನಷ್ಟು ನಾರು ತುಂಬಿದರೆ ಉಬ್ಬರ ಜಾಸ್ತಿಯಾಗುತ್ತದೆ. ನೀರು, ನಡಿಗೆ, ಬೇಕಾದರೆ ಅವರ ಡಾಕ್ಟರ್ ಹತ್ತಿರ ಔಷಧಿ. ದಿನಕ್ಕೆ ಹತ್ತಾರು ಸಲ ಗ್ಯಾಸ್ ಹೋದರೆ ಗಾಬರಿ ಬೇಡ, ಅದು ಮಾಮೂಲಿ. ಆದರೆ ರಕ್ತ, ಜ್ವರ, ಕಾರಣವಿಲ್ಲದೆ ತೂಕ ಇಳಿಯೋದು, ಅಥವಾ ಹೊಟ್ಟೆ ಕಲ್ಲಿನಂತಾಗಿ ಗ್ಯಾಸೂ ಹೋಗದೆ ವಾಂತಿ ಬಂದರೆ ಸುಮ್ನೆ ಕೂರಬಾರದು, ಡಾಕ್ಟರನ್ನು ನೋಡಲೇಬೇಕು. ಕರುಳಿನ ಆಪರೇಷನ್ ಆದವರು, ಕರುಳು ಕಿರಿದಾದವರು ಶುರು ಮಾಡುವ ಮೊದಲೇ ಕೇಳಬೇಕು.

ಹೊರಡುವಾಗ ರಾಜ್ಮಾ ಯಾವಾಗ ಅಂದರು. ಎಲ್ಲಕ್ಕಿಂತ ಕೊನೆಗೆ ಅಂದೆ. ಅದನ್ನು ನೆನೆಸಿ, ನೀರು ಚೆಲ್ಲಿ, ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ ಆಮೇಲೆ ಪೂರ್ತಿ ಬೇಯಿಸಬೇಕು. ಅರೆಬೆಂದ ರಾಜ್ಮಾದ ವಿಷಕ್ಕೆ ವಾಂತಿ ಭೇದಿ ಆಗುತ್ತದೆ, ಅದಕ್ಕೆ ಕರುಳು ಎಷ್ಟು ಪಳಗಿದ್ದರೂ ಉಪಯೋಗವಿಲ್ಲ.